ಸಂಶೋಧನಾ ಬರಹದಲ್ಲಿ ಎಚ್ಚರದ ನುಡಿ: ಎಷ್ಟು, ಎಲ್ಲಿ, ಏಕೆ

ಸಂಶೋಧನಾ ಪ್ರಬಂಧಗಳಲ್ಲಿ ಒಂದು ತೀರ್ಮಾನ ನೇರವಾಗಿ ಬರುವುದು ಅಪರೂಪ. ‘ಈ ಫಲಿತಾಂಶ ಹೀಗೆ ಸೂಚಿಸುತ್ತದೆ’, ‘ಇದು ಇಂಥದ್ದರ ಗುರುತಾಗಿರಬಹುದು’, ‘ಬಹುಮಟ್ಟಿಗೆ’, ‘ಸುಮಾರು’, ‘ಲಭ್ಯ ಆಧಾರಗಳ ಮಟ್ಟಿಗೆ’ ಎಂಬಂಥ ಮಾತುಗಳು ಅದರ ಜೊತೆಗೇ ಬರುತ್ತವೆ. ಬರೆಯುವವರು ತಮ್ಮ ಹೇಳಿಕೆಯ ಹಿಂದೆ ಎಷ್ಟು ಭರವಸೆಯಿಂದ ನಿಂತಿದ್ದಾರೆ ಎಂಬುದನ್ನು ಓದುಗರಿಗೆ ತಿಳಿಸುವ ಇಂಥ ಪದ ಮತ್ತು ವಾಕ್ಯರೂಪಗಳಿಗೆ ಭಾಷಾವಿಜ್ಞಾನದಲ್ಲಿ ‘ಹೆಡ್ಜ್’ ಎಂಬ ಹೆಸರಿದೆ. ಇಲ್ಲಿ ಅವನ್ನು ಎಚ್ಚರದ ನುಡಿ ಎಂದು ಕರೆಯಲಾಗಿದೆ. ಇವು ಕಡಿಮೆಯಾದರೆ ದುರ್ಬಲ ಆಧಾರದ ಮೇಲೆ ನಿಂತ ಮಾತು ಸಾಬೀತಾದ ಸತ್ಯದಂತೆ ಓಡಾಡುತ್ತದೆ. ಹೆಚ್ಚಾದರೆ ಗಟ್ಟಿಯಾಗಿ ಸ್ಥಾಪಿತವಾದ ಸಂಗತಿಯೂ ಇನ್ನೂ ತೀರ್ಮಾನವಾಗದ ಊಹೆಯಂತೆ ಕಾಣುತ್ತದೆ. ಎರಡರಲ್ಲೂ ಓದುಗರ ದಾರಿ ತಪ್ಪುತ್ತದೆ. ಹಾಗಾಗಿ ಎಚ್ಚರ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿ ಪ್ರಯೋಜನವಿಲ್ಲ. ಯಾವ ಹೇಳಿಕೆಯ ಯಾವ ಭಾಗಕ್ಕೆ ಎಷ್ಟು ಎಚ್ಚರ ಬೇಕು ಎಂದು ಕೇಳಬೇಕು.

ಎರಡು ಬಗೆ

ಈ ಅರ್ಥದಲ್ಲಿ ‘ಹೆಡ್ಜ್’ ಪದವನ್ನು ಭಾಷಾಧ್ಯಯನಕ್ಕೆ ತಂದವರು ಅಮೆರಿಕದ ಭಾಷಾವಿಜ್ಞಾನಿ ಜಾರ್ಜ್ ಲೇಕಾಫ್. 1972ರ ಅವರ ಪ್ರಬಂಧದ ಗಮನವಿದ್ದದ್ದು ‘ಒಂದು ಬಗೆಯ’, ‘ಸ್ಥೂಲವಾಗಿ’ ಎಂಬಂಥ ಪದಗಳ ಮೇಲೆ. ಒಂದು ವಸ್ತು ಒಂದು ವರ್ಗಕ್ಕೆ ಪೂರ್ತಿ ಸೇರುತ್ತದೆಯೋ ಅರ್ಧಂಬರ್ಧ ಸೇರುತ್ತದೆಯೋ ಎಂಬುದನ್ನು ಈ ಪದಗಳು ಹೇಗೆ ಬದಲಿಸುತ್ತವೆ ಎಂದು ಅವರು ನೋಡಿದರು. ಹತ್ತು ವರ್ಷಗಳ ನಂತರ, 1982ರಲ್ಲಿ, ಎಲೆನ್ ಪ್ರಿನ್ಸ್, ಜೋಯೆಲ್ ಫ್ರೇಡರ್ ಮತ್ತು ಚಾರ್ಲ್ಸ್ ಬಾಸ್ಕ್ ಅವರು ವೈದ್ಯರು ತಮ್ಮತಮ್ಮಲ್ಲಿ ಆಡುವ ಮಾತುಗಳನ್ನು ಪರಿಶೀಲಿಸಿ, ಇಂದಿಗೂ ಉಪಯೋಗಕ್ಕೆ ಬರುವ ಒಂದು ವಿಂಗಡಣೆಯನ್ನು ಮುಂದಿಟ್ಟರು. ಅವರ ಪ್ರಕಾರ ಎಚ್ಚರದ ನುಡಿಗಳಲ್ಲಿ ಎರಡು ಬಗೆ. ಒಂದು ಬಗೆಯವು ಹೇಳಿಕೆಯ ಒಳಗಿರುವ ವಿಷಯವನ್ನೇ ಸಡಿಲಿಸುತ್ತವೆ. ಇನ್ನೊಂದು ಬಗೆಯವು ವಿಷಯವನ್ನು ಮುಟ್ಟದೆ, ಹೇಳುವವರಿಗೆ ಅದರ ಮೇಲಿರುವ ಭರವಸೆಯನ್ನು ಸಡಿಲಿಸುತ್ತವೆ.

ಈ ವ್ಯತ್ಯಾಸ ತಿಳಿಯಲು ಕನ್ನಡದ ಒಂದು ಉದಾಹರಣೆ ಸಾಕು. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವನ್ನು 1936ರಲ್ಲಿ ಎಂ.ಎಚ್. ಕೃಷ್ಣ ಬೆಳಕಿಗೆ ತಂದರು. ಅದನ್ನು ‘ಸುಮಾರು ಕ್ರಿ.ಶ. 450ರದು’ ಎಂದು ಹೇಳುವ ವಾಡಿಕೆಯಿದೆ. ಶಾಸನದಲ್ಲಿ ವರ್ಷದ ಉಲ್ಲೇಖವಿಲ್ಲ. ಲಿಪಿಯ ರೂಪ, ಅದರಲ್ಲಿ ಬರುವ ಕಾಕುಸ್ಥನ ಹೆಸರು ಮತ್ತು ಆ ಹೆಸರನ್ನು ಕದಂಬರ ಕಾಕುಸ್ಥವರ್ಮನೊಡನೆ ಗುರುತಿಸುವುದು, ಇವುಗಳಿಂದ ಆ ಕಾಲವನ್ನು ಊಹಿಸಲಾಗಿದೆ. ಬೇರೆ ಕಾಲಗಳನ್ನು ಸೂಚಿಸಿದ ವಿದ್ವಾಂಸರೂ ಇದ್ದಾರೆ. ಇಲ್ಲಿ ‘ಸುಮಾರು’ ಎಂಬುದು ಮೊದಲ ಬಗೆಯ ಎಚ್ಚರ. ವರ್ಷ 450 ಎಂಬ ಒಂದು ಬಿಂದುವಲ್ಲ, ಅದರ ಎರಡೂ ಬದಿಗೆ ಚಾಚಿದ ಅವಧಿ ಎಂದು ಅದು ಹೇಳುತ್ತದೆ. ‘ಈ ಕಾಕುಸ್ಥ ಕದಂಬರ ಕಾಕುಸ್ಥವರ್ಮನೇ ಎಂದು ತೋರುತ್ತದೆ’ ಎಂದು ಬರೆದರೆ ಅದು ಎರಡನೆಯ ಬಗೆಯ ಎಚ್ಚರ. ಅಲ್ಲಿ ಇಬ್ಬರೂ ಒಬ್ಬನೇ ಅಥವಾ ಬೇರೆಬೇರೆ. ನಡುವಿನ ಸ್ಥಿತಿ ಇಲ್ಲ. ಸಡಿಲವಾಗಿರುವುದು ಬರೆಯುವವರ ಭರವಸೆ ಮಾತ್ರ. ‘ಸುಮಾರು’ ಎಂಬ ಒಂದು ಪದ ಬಿದ್ದುಹೋಗಿ ‘ಕ್ರಿ.ಶ. 450ರಲ್ಲಿ ಕೆತ್ತಿಸಲಾಯಿತು’ ಎಂದಾದರೆ, ಲಿಪಿಯನ್ನು ಹೋಲಿಸಿ ಪಡೆದ ಅಂದಾಜು ಕಲ್ಲಿನ ಮೇಲೆಯೇ ಬರೆದಿದ್ದ ಮಾಹಿತಿಯಂತೆ ಕಾಣುತ್ತದೆ.

ವಾಕ್ಯದಲ್ಲಿ ಎಚ್ಚರ ಕೂರುವ ಜಾಗಗಳೂ ಹಲವು. ಕ್ರಿಯಾಪದವೇ ಅದನ್ನು ಹೊರಬಹುದು: ‘ತೋರಿಸುತ್ತದೆ’ ಎಂಬುದಕ್ಕಿಂತ ‘ಸೂಚಿಸುತ್ತದೆ’ ಮೆತ್ತಗಿನದು, ‘ಸಾಬೀತುಪಡಿಸುತ್ತದೆ’ ಎಲ್ಲಕ್ಕಿಂತ ಗಟ್ಟಿ. ‘ಬಹುದು’ ಎಂಬ ಪ್ರತ್ಯಯ ಹೊರಬಹುದು. ‘ಬಹುಶಃ’, ‘ಪ್ರಾಯಶಃ’ ಎಂಬ ಅವ್ಯಯ ಹೊರಬಹುದು. ‘ಈ ಮಾದರಿಯ ಮಟ್ಟಿಗೆ’, ‘ಪುರುಷರಲ್ಲಿ’, ‘ಮೊದಲ ಆರು ತಿಂಗಳಲ್ಲಿ’ ಎಂದು ವ್ಯಾಪ್ತಿಯನ್ನು ಕಿರಿದುಗೊಳಿಸುವ ಮಾತೂ ಹೊರಬಹುದು. ಇವುಗಳಲ್ಲಿ ವ್ಯಾಪ್ತಿಯ ಎಚ್ಚರವೇ ಓದುಗರಿಗೆ ಹೆಚ್ಚು ಉಪಯುಕ್ತ. ‘ಬಹುಶಃ’ ಎಂಬುದು ಅನುಮಾನವಿದೆ ಎಂದಷ್ಟೇ ತಿಳಿಸಿದರೆ, ‘ಪುರುಷರಲ್ಲಿ’ ಎಂಬುದು ಅನುಮಾನ ಎಲ್ಲಿಂದ ಶುರುವಾಗುತ್ತದೆ ಎಂಬುದನ್ನೂ ತಿಳಿಸುತ್ತದೆ.

ಪ್ರಬಂಧದ ಯಾವ ಭಾಗದಲ್ಲಿ

ಎಚ್ಚರದ ನುಡಿಗಳು ಪ್ರಬಂಧದುದ್ದಕ್ಕೂ ಒಂದೇ ಸಮನಾಗಿ ಹರಡಿರುವುದಿಲ್ಲ. ಫ್ರಾನ್ಸ್ವಾಜ್ ಸಲಾಜೆ-ಮೇಯೆ 1994ರಲ್ಲಿ ಇಂಗ್ಲಿಷಿನ ವೈದ್ಯಕೀಯ ಬರಹಗಳನ್ನು ಪರಿಶೀಲಿಸಿದಾಗ, ಪ್ರಬಂಧದ ಚರ್ಚಾಭಾಗದಲ್ಲಿ ಅವು ಅತಿ ಹೆಚ್ಚಾಗಿಯೂ ವಿಧಾನದ ಭಾಗದಲ್ಲಿ ಅತಿ ಕಡಿಮೆಯಾಗಿಯೂ ಕಂಡವು. ಇದಕ್ಕೆ ಕಾರಣ ಸ್ಪಷ್ಟ. ಎಷ್ಟು ರೋಗಿಗಳಿಗೆ ಯಾವ ಔಷಧಿಯನ್ನು ಎಷ್ಟು ಪ್ರಮಾಣದಲ್ಲಿ ಕೊಡಲಾಯಿತು ಎಂಬುದು ಸಂಶೋಧಕರು ತಾವೇ ಮಾಡಿದ ಕೆಲಸ, ಅಲ್ಲಿ ಅನುಮಾನಕ್ಕೆ ಎಡೆಯಿಲ್ಲ. ಆ ಔಷಧಿಯಿಂದಲೇ ಗುಣವಾಯಿತೇ, ಇತರ ರೋಗಿಗಳಿಗೂ ಹಾಗೆಯೇ ಆದೀತೇ ಎಂಬುದು ಕಂಡದ್ದರಿಂದ ಕಾಣದ್ದಕ್ಕೆ ಹೋಗುವ ಹೆಜ್ಜೆ. ಎಚ್ಚರ ಬೇಕಾಗುವುದು ಆ ಹೆಜ್ಜೆಯಲ್ಲಿ. ‘ರೋಗಿಗಳಿಗೆ ಔಷಧಿ ಕೊಡಲಾಯಿತೆಂದು ಹೇಳಬಹುದು’ ಎಂದು ಯಾರಾದರೂ ಬರೆದರೆ ಆ ಎಚ್ಚರ ವ್ಯರ್ಥ ಮಾತ್ರವಲ್ಲ, ನಿಜವಾಗಿ ಕೊಟ್ಟರೋ ಇಲ್ಲವೋ ಎಂಬ ಹೊಸ ಸಂಶಯಕ್ಕೂ ಕಾರಣವಾಗುತ್ತದೆ.

ಶಾಸ್ತ್ರದಿಂದ ಶಾಸ್ತ್ರಕ್ಕೂ ಪ್ರಮಾಣ ಬದಲಾಗುತ್ತದೆ. ಈ ವಿಷಯದಲ್ಲಿ ದೀರ್ಘಕಾಲ ಕೆಲಸ ಮಾಡಿದ ಕೆನ್ ಹೈಲ್ಯಾಂಡ್ ಹಲವು ಜ್ಞಾನಶಾಖೆಗಳ ಪ್ರಬಂಧಗಳನ್ನು ಹೋಲಿಸಿದಾಗ, ತತ್ತ್ವಶಾಸ್ತ್ರ, ಸಮಾಜಶಾಸ್ತ್ರದಂಥ ಕ್ಷೇತ್ರಗಳಲ್ಲಿ ಎಚ್ಚರದ ನುಡಿಗಳು ಭೌತಶಾಸ್ತ್ರ ಮತ್ತು ಎಂಜಿನಿಯರಿಂಗಿಗಿಂತ ಬಹಳ ಹೆಚ್ಚಾಗಿ ಕಂಡವು. ಭೌತಶಾಸ್ತ್ರಜ್ಞರು ದಿಟ್ಟರು, ಸಮಾಜಶಾಸ್ತ್ರಜ್ಞರು ಅಂಜುಬುರುಕರು ಎಂದು ಇದರ ಅರ್ಥವಲ್ಲ. ಭೌತಶಾಸ್ತ್ರದಲ್ಲಿ ಅನಿಶ್ಚಯದ ಬಹುಪಾಲು ಅಂಕಿಯ ಪಕ್ಕದಲ್ಲಿ ದೋಷದ ಮಿತಿಯಾಗಿ ಮೊದಲೇ ನಮೂದಾಗಿರುತ್ತದೆ. ಒಪ್ಪಿತವಾದ ಅಳತೆಯ ವಿಧಾನವೂ ಇರುತ್ತದೆ. ವ್ಯಾಖ್ಯಾನವೇ ಮುಖ್ಯವಾದ ಕ್ಷೇತ್ರಗಳಲ್ಲಿ ಅದೇ ಕೆಲಸವನ್ನು ವಾಕ್ಯಗಳು ಮಾಡಬೇಕಾಗುತ್ತದೆ.

ಎಚ್ಚರಕ್ಕೆ ಇನ್ನೊಂದು ಸಾಮಾಜಿಕ ಕಾರಣವೂ ಇದೆ. ಗ್ರೆಗ್ ಮೈಯರ್ಸ್ 1989ರಲ್ಲಿ ತೋರಿಸಿದಂತೆ, ಹೊಸ ಹೇಳಿಕೆಯೊಂದನ್ನು ಮುಂದಿಡುವವರು ತಮ್ಮದೇ ಕ್ಷೇತ್ರದ ಇತರರ ಕೆಲಸದ ಬಗ್ಗೆಯೂ ಏನನ್ನೋ ಹೇಳುತ್ತಿರುತ್ತಾರೆ. ‘ಹೀಗೆಂದು ಸೂಚಿಸಬಯಸುತ್ತೇವೆ’ ಎಂಬ ಮಾತು, ಒಪ್ಪುವ ಅಥವಾ ಬಿಡುವ ಅಧಿಕಾರವನ್ನು ಆ ಓದುಗರಿಗೇ ಬಿಟ್ಟುಕೊಡುವ ಸೌಜನ್ಯ. ಹೀಗಾಗಿ ಒಂದೇ ‘ಬಹುದು’ ಮೂರು ಬೇರೆ ಕೆಲಸ ಮಾಡುತ್ತಿರಬಹುದು: ಆಧಾರದ ದೌರ್ಬಲ್ಯವನ್ನು ನಿಖರವಾಗಿ ಹೇಳುವುದು, ನಾಳೆ ತಪ್ಪೆಂದು ತಿಳಿದರೆ ಬರೆದವರನ್ನು ಕಾಪಾಡುವುದು, ಸಹೋದ್ಯೋಗಿಗಳಿಗೆ ಗೌರವ ತೋರುವುದು. ಓದುಗರಿಗೆ ಕಾಣುವುದು ಒಂದೇ ಪದ. ಯಾವ ಕೆಲಸಕ್ಕಾಗಿ ಅದು ಬಂದಿದೆ ಎಂದು ತಿಳಿಯದಿದ್ದರೆ ಅವರು ಸೌಜನ್ಯವನ್ನು ಸಂಶಯವೆಂದೂ ಸಂಶಯವನ್ನು ಸೌಜನ್ಯವೆಂದೂ ಓದಿಕೊಳ್ಳುತ್ತಾರೆ.

ಒಂದು ಪ್ರಬಂಧವನ್ನು ಹತ್ತಿರದಿಂದ ನೋಡಿದಾಗ

ಎಚ್ಚರವನ್ನು ಜಾಗ ನೋಡಿ ಬಳಸಿದ ಬರಹಕ್ಕೆ, 1950ರ ಸೆಪ್ಟೆಂಬರ್ 30ರಂದು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ರಿಚರ್ಡ್ ಡಾಲ್ ಮತ್ತು ಆಸ್ಟಿನ್ ಬ್ರ್ಯಾಡ್‌ಫರ್ಡ್ ಹಿಲ್ ಅವರ ಪ್ರಬಂಧ ಒಳ್ಳೆಯ ಮಾದರಿ. ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಸಂಬಂಧವಿದೆಯೇ ಎಂಬುದು ಅದರ ಪ್ರಶ್ನೆ. ಲಂಡನ್ನಿನ ಆಸ್ಪತ್ರೆಗಳಲ್ಲಿದ್ದ 709 ಶ್ವಾಸಕೋಶ ಕ್ಯಾನ್ಸರ್ ರೋಗಿಗಳನ್ನೂ, ವಯಸ್ಸು ಮತ್ತು ಲಿಂಗದಲ್ಲಿ ಅವರಿಗೆ ಹೊಂದುವ, ಬೇರೆ ಕಾಯಿಲೆಗಳಿಂದ ದಾಖಲಾಗಿದ್ದ 709 ಮಂದಿಯನ್ನೂ ಅವರ ಧೂಮಪಾನದ ಅಭ್ಯಾಸದ ಬಗ್ಗೆ ಪ್ರಶ್ನಿಸಲಾಯಿತು. ಕ್ಯಾನ್ಸರ್ ಇದ್ದ 649 ಗಂಡಸರಲ್ಲಿ ಧೂಮಪಾನಿಗಳಲ್ಲದವರು ಇಬ್ಬರು. ಹೋಲಿಕೆಗೆ ತೆಗೆದುಕೊಂಡ ಅಷ್ಟೇ ಗಂಡಸರಲ್ಲಿ ಅಂಥವರು 27 ಮಂದಿ.

ಮೊದಲ ಹಂತದಲ್ಲಿ ಲೇಖಕರು ಕೇಳುವುದು ಈ ವ್ಯತ್ಯಾಸ ನಿಜವೇ ಎಂದು. ಪ್ರಶ್ನಿಸಿದವರಿಗೆ ರೋಗಿಯ ಕಾಯಿಲೆ ಗೊತ್ತಿದ್ದರಿಂದ, ಕ್ಯಾನ್ಸರ್ ರೋಗಿಗಳ ಧೂಮಪಾನವನ್ನು ಅವರು ಅರಿವಿಲ್ಲದೆಯೇ ಹೆಚ್ಚಾಗಿ ದಾಖಲಿಸಿರಬಹುದಲ್ಲವೇ? ಈ ಅನುಮಾನವನ್ನು ಅವರು ‘ಬಹುದು’ ಎಂದು ಹೇಳಿ ಅಲ್ಲಿಗೇ ಬಿಡಲಿಲ್ಲ. ಪ್ರಶ್ನಿಸಿದ ವೇಳೆ ಶ್ವಾಸಕೋಶ ಕ್ಯಾನ್ಸರ್ ಎಂದು ಭಾವಿಸಲಾಗಿದ್ದು, ಆಮೇಲೆ ಅದಲ್ಲವೆಂದು ಗೊತ್ತಾದ ರೋಗಿಗಳನ್ನು ಪ್ರತ್ಯೇಕಿಸಿ ನೋಡಿದರು. ಪ್ರಶ್ನಿಸಿದವರ ಪಕ್ಷಪಾತವೇ ಕಾರಣವಾಗಿದ್ದರೆ ಈ ಗುಂಪಿನವರೂ ಕ್ಯಾನ್ಸರ್ ರೋಗಿಗಳಂತೆಯೇ ಹೆಚ್ಚು ಸೇದುವವರೆಂದು ದಾಖಲಾಗಿರಬೇಕಿತ್ತು. ಹಾಗಾಗಿರಲಿಲ್ಲ. ಅವರ ಅಭ್ಯಾಸ ಇತರ ರೋಗಿಗಳದ್ದನ್ನೇ ಹೋಲುತ್ತಿತ್ತು. ಹೀಗೆ ಅನುಮಾನವನ್ನು ಪರೀಕ್ಷಿಸಿದ ಮೇಲೆ, ಸಂಬಂಧ ನಿಜವಾದದ್ದು ಎಂಬ ತೀರ್ಮಾನವನ್ನು ಅವರು ಯಾವ ಸಡಿಲಿಕೆಯೂ ಇಲ್ಲದೆ ಬರೆದರು.

ಎರಡನೆಯ ಹಂತ ಕಾರಣದ್ದು. ಸಂಬಂಧವಿದೆ ಎಂದಮಾತ್ರಕ್ಕೆ ಧೂಮಪಾನ ಕಾರಣವೆಂದು ಹೇಳಿದಂತಾಗುವುದಿಲ್ಲ ಎಂದು ಲೇಖಕರೇ ಎಚ್ಚರಿಸುತ್ತಾರೆ. ಆದರೆ ಇಲ್ಲಿಯೂ ಅವರು ನಿಲ್ಲುವುದಿಲ್ಲ, ಬೇರೆ ಸಾಧ್ಯತೆಗಳನ್ನು ಹೆಸರಿಸುತ್ತಾರೆ. ಕ್ಯಾನ್ಸರೇ ಜನರನ್ನು ಸೇದುವಂತೆ ಮಾಡಬೇಕು, ಇಲ್ಲವೇ ಎರಡಕ್ಕೂ ಸಮಾನವಾದ ಮೂರನೆಯ ಕಾರಣವೊಂದಿರಬೇಕು. ಸೇದುವ ಅಭ್ಯಾಸ ಕಾಯಿಲೆಗಿಂತ ಎಷ್ಟೋ ಮೊದಲೇ ಶುರುವಾಗಿರುವುದರಿಂದ ಮೊದಲನೆಯದು ಬೀಳುತ್ತದೆ. ಎರಡನೆಯದಕ್ಕೆ ತಕ್ಕ ಕಾರಣವೊಂದೂ ಅವರಿಗೆ ಕಾಣಲಿಲ್ಲ. ಹಾಗಾಗಿ ಧೂಮಪಾನವು ಈ ಕಾಯಿಲೆ ಉಂಟಾಗುವುದರಲ್ಲಿ ಒಂದು ಅಂಶ, ಅದೂ ಮುಖ್ಯವಾದ ಅಂಶ ಎಂದು ತೀರ್ಮಾನಿಸಿದರು. ‘ಏಕೈಕ ಕಾರಣ’ ಎನ್ನಲಿಲ್ಲ, ಏಕೆಂದರೆ ಸೇದದ ಇಬ್ಬರು ಗಂಡಸರಿಗೂ ಕ್ಯಾನ್ಸರ್ ಬಂದಿತ್ತು. ‘ಕಾರಣವಾಗಿರಬಹುದು’ ಎಂದೂ ಎನ್ನಲಿಲ್ಲ, ಏಕೆಂದರೆ ತಮಗೆ ತೋಚಿದ ಬೇರೆ ವಿವರಣೆಗಳನ್ನು ಅವರು ಒಂದೊಂದಾಗಿ ಪರಿಶೀಲಿಸಿ ಬದಿಗಿಟ್ಟಿದ್ದರು.

ಮೂರನೆಯ ಹಂತದಲ್ಲಿ, ಹೊಗೆಯಲ್ಲಿರುವ ಯಾವ ವಸ್ತು ಹಾನಿ ಮಾಡುತ್ತದೆ ಎಂಬಲ್ಲಿ, ಪ್ರಬಂಧದ ದನಿ ಬದಲಾಗುತ್ತದೆ. ತಂಬಾಕಿನ ಹೊಗೆಯಲ್ಲಿ ಆಗ ಪತ್ತೆಯಾಗಿದ್ದ ಕ್ಯಾನ್ಸರ್‌ಕಾರಕ ಆರ್ಸೆನಿಕ್ ಒಂದೇ. ಅದು ಶ್ವಾಸಕೋಶದ ಕ್ಯಾನ್ಸರ್ ತರುತ್ತದೆ ಎನ್ನುವುದಕ್ಕೆ ಇರುವ ಆಧಾರ ಸೂಚಕವಷ್ಟೇ, ನಿರ್ಣಾಯಕವಲ್ಲ ಎಂದು ಅವರು ಬರೆದರು. ಒಂದೇ ಪ್ರಬಂಧದಲ್ಲಿ ಮೂರು ಹೇಳಿಕೆಗಳು ಹೀಗೆ ಮೂರು ಮಟ್ಟದ ಭರವಸೆಯಲ್ಲಿ ನಿಂತಿವೆ: ಸಂಬಂಧ ಖಚಿತ, ಕಾರಣ ತರ್ಕದಿಂದ ತೀರ್ಮಾನಿತ, ಕಾರಣ ಕೆಲಸ ಮಾಡುವ ಬಗೆ ಇನ್ನೂ ಗೊತ್ತಿಲ್ಲದ್ದು. ಮೂರನೆಯದರ ಅನಿಶ್ಚಯ ಮೊದಲ ಎರಡಕ್ಕೆ ಸೋರಿಹೋಗಲು ಲೇಖಕರು ಬಿಡಲಿಲ್ಲ. ಸಮರ್ಪಕ ಎಚ್ಚರದ ಲಕ್ಷಣ ಇದೇ. ಅದು ಇಡೀ ಪ್ರಬಂಧದ ಮೇಲೆ ಹರಡಿದ ಒಂದು ಮನೋಭಾವವಲ್ಲ, ಹೇಳಿಕೆಯಿಂದ ಹೇಳಿಕೆಗೆ ಬದಲಾಗುವ ಒಂದು ಅಳತೆ.

ಆಧಾರ ಬೆಳೆದಂತೆ ಎಚ್ಚರವೂ ಬದಲಾಯಿತು. ಅಮೆರಿಕದ ಸರ್ಜನ್ ಜನರಲ್ ಅವರ 1964ರ ವರದಿ, ಗಂಡಸರಲ್ಲಿ ಸಿಗರೇಟು ಸೇವನೆಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವುದು ಕಾರಣ-ಕಾರ್ಯ ಸಂಬಂಧವೇ ಎಂದು ನೇರವಾಗಿ ಹೇಳಿತು. ಹೆಂಗಸರ ವಿಷಯದಲ್ಲಿ ಮಾಹಿತಿ ಅಷ್ಟು ವಿಸ್ತಾರವಾಗಿಲ್ಲವಾದರೂ ಅದೇ ದಿಕ್ಕನ್ನು ತೋರುತ್ತಿದೆ ಎಂದಿತು. ಹೆಂಗಸರ ಬಗೆಗಿನ ಮಾಹಿತಿಯ ಕೊರತೆಯನ್ನು ನೆಪವಾಗಿಟ್ಟುಕೊಂಡು ಗಂಡಸರ ಬಗೆಗಿನ ತೀರ್ಮಾನವನ್ನು ಆ ವರದಿ ಮೆತ್ತಗಾಗಿಸಲಿಲ್ಲ.

ಎಚ್ಚರ ಹೆಚ್ಚಾದಾಗ

ಇದೇ ಪ್ರಕರಣದಲ್ಲಿ ಅತಿಯಾದ ಎಚ್ಚರದ ಅಪಾಯವೂ ಕಾಣುತ್ತದೆ. 1954ರ ಜನವರಿಯಲ್ಲಿ ಅಮೆರಿಕದ ತಂಬಾಕು ಕಂಪನಿಗಳು ಪತ್ರಿಕೆಗಳಲ್ಲಿ ದೊಡ್ಡ ಜಾಹೀರಾತು ಕೊಟ್ಟು, ಸಿಗರೇಟೇ ಕಾರಣ ಎನ್ನುವುದಕ್ಕೆ ಪುರಾವೆ ಇಲ್ಲ, ಕಾರಣಗಳು ಹಲವು ಇರಬಹುದು, ಇನ್ನಷ್ಟು ಸಂಶೋಧನೆ ಬೇಕು ಎಂಬರ್ಥದ ಮಾತುಗಳನ್ನು ಪ್ರಕಟಿಸಿದವು. ಈ ಮಾತುಗಳನ್ನು ಬಿಡಿಬಿಡಿಯಾಗಿ ನೋಡಿದರೆ ವಿಜ್ಞಾನಿಗಳು ದಿನವೂ ಬರೆಯುವ ಎಚ್ಚರದ ವಾಕ್ಯಗಳಂತೆಯೇ ಇವೆ. ಡಾಲ್ ಮತ್ತು ಹಿಲ್ ಅವರ ಎಚ್ಚರಕ್ಕೂ ಇದಕ್ಕೂ ಇರುವ ವ್ಯತ್ಯಾಸ ಪದಗಳಲ್ಲಿಲ್ಲ. ಅವರ ಎಚ್ಚರ ಒಂದು ನಿರ್ದಿಷ್ಟ ಅನುಮಾನವನ್ನು ಹೆಸರಿಸಿ, ಅದನ್ನು ಹೇಗೆ ಬಗೆಹರಿಸಬಹುದೆಂದು ತೋರಿಸುತ್ತದೆ. ಕಂಪನಿಗಳ ಎಚ್ಚರ ಯಾವ ಅನುಮಾನವನ್ನೂ ಹೆಸರಿಸುವುದಿಲ್ಲ, ಆದ್ದರಿಂದ ಯಾವ ಹೊಸ ಆಧಾರ ಬಂದರೂ ಅದು ತೀರುವುದಿಲ್ಲ.

ಪ್ರಾಮಾಣಿಕ ಸಂಶೋಧಕರ ಬರಹದಲ್ಲೂ ಅತಿಯಾದ ಎಚ್ಚರ ಎರಡು ರೂಪಗಳಲ್ಲಿ ಬರುತ್ತದೆ. ಒಂದು, ಎಚ್ಚರದ ಮೇಲೆ ಎಚ್ಚರ ಪೇರಿಸುವುದು: ‘ಬಹುಶಃ ಸಾಧ್ಯತೆಯನ್ನು ಸೂಚಿಸುತ್ತಿರಬಹುದೇನೋ ಎನಿಸುತ್ತದೆ’. ‘ಸೂಚಿಸುತ್ತದೆ’ ಎಂದ ಮೇಲೆ ಸಾಬೀತಾಗಿಲ್ಲ ಎಂಬುದು ಆಗಲೇ ತಿಳಿದಿದೆ. ಅದಕ್ಕೆ ‘ಬಹುದು’ ಸೇರಿಸಿದರೆ ಹೇಳಿಕೆ ಸುಳ್ಳಾಗುವುದೇ ಅಸಾಧ್ಯವಾಗುತ್ತದೆ. ಏನು ಕಂಡುಬಂದರೂ ಅದಕ್ಕೆ ವಿರುದ್ಧವಾಗದ ಹೇಳಿಕೆ ಏನನ್ನೂ ಹೇಳುವುದಿಲ್ಲ. ಎಚ್ಚರ ಮಿತಿಮೀರಿದೆಯೇ ಎಂದು ತಿಳಿಯುವ ಪರೀಕ್ಷೆಯೂ ಇದೇ. ಯಾವ ಫಲಿತಾಂಶ ಬಂದಿದ್ದರೆ ಈ ವಾಕ್ಯ ತಪ್ಪಾಗುತ್ತಿತ್ತು ಎಂದು ಕೇಳಿದಾಗ ಉತ್ತರ ಸಿಗದಿದ್ದರೆ, ಒಂದಾದರೂ ಎಚ್ಚರದ ಪದವನ್ನು ತೆಗೆಯಬೇಕು.

ಇನ್ನೊಂದು ರೂಪ ಹೆಚ್ಚು ಸೂಕ್ಷ್ಮವಾದದ್ದು. ವೀಕ್ಷಣೆಯ ಆಧಾರದ ವೈದ್ಯಕೀಯ ಅಧ್ಯಯನಗಳಲ್ಲಿ ‘ಕಾರಣ’ ಎಂಬ ಪದವನ್ನು ಕೈಬಿಟ್ಟು ‘ಸಂಬಂಧ’ ಎಂದಷ್ಟೇ ಬರೆಯಬೇಕೆಂಬ ಒತ್ತಾಯ ಬಹುಕಾಲದಿಂದ ಇದೆ. ಸಾಂಕ್ರಾಮಿಕಶಾಸ್ತ್ರಜ್ಞ ಮಿಗೆಲ್ ಹೆರ್ನಾನ್ 2018ರಲ್ಲಿ ಇದನ್ನು ಬಲವಾಗಿ ಪ್ರಶ್ನಿಸಿದರು. ಅವರ ವಾದ ಸರಳ. ಸಂಶೋಧಕರು ನಿಜವಾಗಿ ತಿಳಿಯಬಯಸುವುದು ಕಾರಣವನ್ನೇ. ಅದಕ್ಕಾಗಿಯೇ ಅವರು ವಯಸ್ಸು, ಆದಾಯ, ಇತರ ಕಾಯಿಲೆಗಳ ಪ್ರಭಾವವನ್ನು ಲೆಕ್ಕದಿಂದ ಬೇರ್ಪಡಿಸುತ್ತಾರೆ. ಬರಿಯ ಸಂಬಂಧವಷ್ಟೇ ಬೇಕಿದ್ದರೆ ಆ ಕಸರತ್ತಿಗೆ ಅರ್ಥವೇ ಇರುತ್ತಿರಲಿಲ್ಲ. ಪ್ರಶ್ನೆಯಿಂದಲೇ ‘ಕಾರಣ’ವನ್ನು ಅಳಿಸಿಹಾಕಿದರೆ, ಯಾವ ಅಂಶಗಳನ್ನು ಬೇರ್ಪಡಿಸಬೇಕಿತ್ತು, ಯಾವುದು ಬಿಟ್ಟುಹೋಯಿತು ಎಂದು ವಿಮರ್ಶಿಸಲು ಓದುಗರಿಗೆ ಹಿಡಿತವೇ ಸಿಗುವುದಿಲ್ಲ. ಉತ್ತರದ ಬಗ್ಗೆ ಅನುಮಾನವಿರುವುದು ಬೇರೆ, ಪ್ರಶ್ನೆಯನ್ನೇ ಮಸುಕುಗೊಳಿಸುವುದು ಬೇರೆ. ಎಚ್ಚರ ಇರಬೇಕಾದದ್ದು ಉತ್ತರದಲ್ಲಿ.

ಎಚ್ಚರ ಕಳಚಿಹೋದಾಗ

ಕಡಿಮೆ ಎಚ್ಚರ ಬಹಳ ಸಲ ಬರೆಯುವಾಗಲೇ ಇರುವ ದೋಷವಲ್ಲ. ಎಚ್ಚರವು ಹಂತಹಂತವಾಗಿ ಕಳಚುತ್ತದೆ. ಮೊದಲ ಹಂತ ಪ್ರಬಂಧದ ಒಳಗೇ ಇದೆ. ಚರ್ಚಾಭಾಗದಲ್ಲಿದ್ದ ‘ಬಹುದು’ ಸಾರಾಂಶಕ್ಕೆ ಬರುವ ಹೊತ್ತಿಗೆ ಮಾಯವಾಗುತ್ತದೆ. ಇಸಾಬೆಲ್ ಬೂತ್ರೋನ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಖ್ಯ ಪ್ರಶ್ನೆಗೆ ಸಂಖ್ಯಾಶಾಸ್ತ್ರೀಯವಾಗಿ ಗಣನೀಯ ಫಲಿತಾಂಶ ಬಾರದ 72 ಚಿಕಿತ್ಸಾ ಪ್ರಯೋಗಗಳ ವರದಿಗಳನ್ನು ಆರಿಸಿಕೊಳ್ಳಲಾಗಿತ್ತು. ಅವುಗಳಲ್ಲಿ 42 ವರದಿಗಳ ಸಾರಾಂಶದ ತೀರ್ಮಾನ, ಚಿಕಿತ್ಸೆ ಪ್ರಯೋಜನಕಾರಿ ಎಂಬ ಭಾವನೆ ಬರುವಂತೆ ತಿರುಗಿಕೊಂಡಿತ್ತು. ಹೆಚ್ಚಿನ ಓದುಗರು ಸಾರಾಂಶದಾಚೆಗೆ ಹೋಗುವುದಿಲ್ಲವಾದ್ದರಿಂದ, ಒಳಗೆ ಎಷ್ಟು ಜಾಗರೂಕವಾಗಿ ಬರೆದಿದ್ದರೂ ಅದು ಅವರನ್ನು ತಲುಪುವುದಿಲ್ಲ.

ಎರಡನೆಯ ಹಂತ ಉಲ್ಲೇಖದ್ದು. ಸ್ಟೀವನ್ ಗ್ರೀನ್‌ಬರ್ಗ್ 2009ರಲ್ಲಿ ಒಂದು ಅಪರೂಪದ ಸ್ನಾಯುರೋಗದ ಸಾಹಿತ್ಯವನ್ನು ಜಾಲಾಡಿದರು. ರೋಗಿಗಳ ಸ್ನಾಯುವಿನಲ್ಲಿ ಬೀಟಾ ಅಮೈಲಾಯ್ಡ್ ಎಂಬ ಪ್ರೋಟೀನು ಶೇಖರವಾಗುತ್ತದೆ ಎಂಬ ಒಂದು ಕಲ್ಪನೆ ಯಾವ ಪ್ರಬಂಧದಿಂದ ಯಾವ ಪ್ರಬಂಧಕ್ಕೆ ಹೇಗೆ ಹರಿಯಿತು ಎಂದು ಅವರು ಗುರುತಿಸಿದರು. ಹೊಸ ಆಧಾರ ಸೇರದೆಯೇ, ಬರಿಯ ಉಲ್ಲೇಖದಿಂದ ಉಲ್ಲೇಖಕ್ಕೆ ದಾಟುತ್ತಾ, ಊಹೆಯಾಗಿ ಹೊರಟ ಮಾತು ಸತ್ಯಸಂಗತಿಯಾಗಿ ಮಾರ್ಪಟ್ಟ ಉದಾಹರಣೆಗಳು ಸಿಕ್ಕವು. ಅದಕ್ಕೆ ವಿರುದ್ಧವಾದ ಫಲಿತಾಂಶಗಳನ್ನು ಕೊಟ್ಟಿದ್ದ ಪ್ರಬಂಧಗಳನ್ನು ಉಲ್ಲೇಖಿಸಿದವರೇ ಕಡಿಮೆ. ಇದರಿಂದ ಬರೆಯುವವರು ತೆಗೆದುಕೊಳ್ಳಬೇಕಾದ ಪಾಠ ನಿರ್ದಿಷ್ಟವಾದದ್ದು. ಬೇರೆಯವರ ಫಲಿತಾಂಶವನ್ನು ಉಲ್ಲೇಖಿಸುವಾಗ ಅವರ ಕ್ರಿಯಾಪದವನ್ನೂ ಜೊತೆಗೆ ತರಬೇಕು. ಮೂಲದಲ್ಲಿ ‘ಸೂಚಿಸುತ್ತದೆ’ ಎಂದಿದ್ದರೆ ಉಲ್ಲೇಖದಲ್ಲಿ ‘ತೋರಿಸಿದ್ದಾರೆ’ ಎಂದಾಗಬಾರದು. ಗಟ್ಟಿಯಾದ ಕ್ರಿಯಾಪದ ಬೇಕಿದ್ದರೆ, ನಡುವೆ ಬಂದ ಹೊಸ ಆಧಾರ ಯಾವುದು ಎಂದು ಹೇಳಬೇಕು.

ಪದಗಳಿಗೆ ಅಂಕಿ ಕಟ್ಟುವ ಪ್ರಯತ್ನ

‘ಸಾಧ್ಯತೆ ಇದೆ’ ಎಂಬುದು ಒಬ್ಬರಿಗೆ ನೂರರಲ್ಲಿ ಮೂವತ್ತು, ಇನ್ನೊಬ್ಬರಿಗೆ ಎಪ್ಪತ್ತು. ಈ ಗೊಂದಲವನ್ನು ನೀಗಲು ನಡೆದ ದೊಡ್ಡ ಪ್ರಯತ್ನ ಹವಾಮಾನ ಬದಲಾವಣೆ ಕುರಿತ ಅಂತರಸರ್ಕಾರಿ ಸಮಿತಿಯದು, ಅಂದರೆ ಐಪಿಸಿಸಿಯದು. ಅದರ ವರದಿಗಳಲ್ಲಿ ಈಗ ‘ಸಂಭವನೀಯ’ ಎಂದರೆ ಶೇ. 66ಕ್ಕಿಂತ ಹೆಚ್ಚು, ‘ಬಹಳ ಸಂಭವನೀಯ’ ಎಂದರೆ ಶೇ. 90ಕ್ಕಿಂತ ಹೆಚ್ಚು, ‘ಅತ್ಯಂತ ಸಂಭವನೀಯ’ ಎಂದರೆ ಶೇ. 95ಕ್ಕಿಂತ ಹೆಚ್ಚು ಎಂಬ ನಿಗದಿಯಿದೆ. ಈ ಅಳತೆಗೋಲಿನಿಂದಾಗಿ ಒಂದೇ ಪ್ರಶ್ನೆಯ ಉತ್ತರ ಕಾಲಕಾಲಕ್ಕೆ ಹೇಗೆ ಗಟ್ಟಿಯಾಯಿತು ಎಂದು ಹೊರಗಿನವರೂ ನೋಡಬಹುದು. ಅಳತೆಗೋಲು ಇನ್ನೂ ಇಲ್ಲದಿದ್ದ 1995ರ ವರದಿ, ಆಧಾರಗಳನ್ನು ತೂಗಿದಾಗ ಅವು ಹವಾಮಾನದ ಮೇಲೆ ಗುರುತಿಸಬಹುದಾದ ಮಾನವ ಪ್ರಭಾವ ಇರುವುದನ್ನು ಸೂಚಿಸುತ್ತವೆ ಎಂದಿತು. 2001ರಲ್ಲಿ, ಹಿಂದಿನ ಐವತ್ತು ವರ್ಷಗಳ ತಾಪ ಏರಿಕೆಯ ಬಹುಪಾಲು ಹಸಿರುಮನೆ ಅನಿಲಗಳಿಂದ ಎಂಬುದು ‘ಸಂಭವನೀಯ’ವಾಯಿತು. 2007ರಲ್ಲಿ ‘ಬಹಳ ಸಂಭವನೀಯ’. 2013ರಲ್ಲಿ ಮಾನವ ಪ್ರಭಾವವೇ ಪ್ರಧಾನ ಕಾರಣ ಎಂಬುದು ‘ಅತ್ಯಂತ ಸಂಭವನೀಯ’. 2021ರಲ್ಲಿ, ಮಾನವ ಪ್ರಭಾವದಿಂದ ವಾತಾವರಣ, ಸಾಗರ ಮತ್ತು ಭೂಮಿ ಬಿಸಿಯಾಗಿರುವುದು ನಿಸ್ಸಂದಿಗ್ಧ ಎಂದು ವರದಿ ಹೇಳಿತು. ಎಚ್ಚರದ ಪದ ಪೂರ್ತಿ ಬಿದ್ದುಹೋಯಿತು. ಮೊದಲಿನ ಎಚ್ಚರವೂ ಸರಿ, ಕೊನೆಯ ನೇರ ಮಾತೂ ಸರಿ. ಎರಡೂ ತಮ್ಮತಮ್ಮ ಕಾಲದ ಆಧಾರಕ್ಕೆ ತಕ್ಕಂತಿದ್ದವು.

ಆದರೆ ಈ ಕ್ರಮಕ್ಕೂ ಮಿತಿಯಿದೆ. ಡೇವಿಡ್ ಬುಡೆಸ್ಕು ಮತ್ತು ಸಂಗಡಿಗರು 2009ರಲ್ಲಿ ಐಪಿಸಿಸಿ ವಾಕ್ಯಗಳನ್ನು ಸಾಮಾನ್ಯ ಓದುಗರಿಗೆ ಕೊಟ್ಟು ನೋಡಿದಾಗ, ಪದಗಳ ಅರ್ಥದ ಕೋಷ್ಟಕ ಕೈಯಲ್ಲಿದ್ದರೂ ಓದುಗರು ‘ಬಹಳ ಸಂಭವನೀಯ’ ಎಂಬುದನ್ನು ಶೇ. 90ಕ್ಕಿಂತ ಸಾಕಷ್ಟು ಕಡಿಮೆಯಾಗಿ ಗ್ರಹಿಸಿದರು. ಎಲ್ಲ ಪದಗಳೂ ಅವರ ಮನಸ್ಸಿನಲ್ಲಿ ನಡುಮಧ್ಯಕ್ಕೆ, ಅಂದರೆ ಶೇ. 50ರ ಕಡೆಗೆ ವಾಲಿದ್ದವು. ಪದದ ಪಕ್ಕದಲ್ಲೇ, ಅದೇ ವಾಕ್ಯದಲ್ಲಿ, ಅಂಕಿಯನ್ನೂ ಕೊಟ್ಟಾಗ ಗ್ರಹಿಕೆ ಸುಧಾರಿಸಿತು. ಹಾಗಾಗಿ ಅಂಕಿ ಲಭ್ಯವಿದ್ದಾಗ ಬರಿಯ ವಿಶೇಷಣದಲ್ಲಿ ಮಾತು ಮುಗಿಸದೆ ಅಂಕಿಯನ್ನೂ ಅಲ್ಲೇ ಕೊಡುವುದು ಲೇಸು. ಇತಿಹಾಸ, ಸಾಹಿತ್ಯವಿಮರ್ಶೆಗಳಂಥ ಕಡೆ ಅಂಕಿ ಸಿಗುವುದಿಲ್ಲ. ಅಲ್ಲಿ ಅಂಕಿಯ ಜಾಗದಲ್ಲಿ ಕಾರಣ ಬರಬೇಕು: ‘ವರ್ಷದ ಉಲ್ಲೇಖವಿಲ್ಲದ್ದರಿಂದ, ಲಿಪಿಯ ಆಧಾರದ ಮೇಲೆ, ಸುಮಾರು 450’.

ಕನ್ನಡದ ಸಂಶೋಧನಾ ಗದ್ಯ

ಕನ್ನಡದಲ್ಲಿ ಎಚ್ಚರದ ಸಾಧನಗಳಿಗೆ ಕೊರತೆಯಿಲ್ಲ. ‘ಇದ್ದೀತು’, ‘ಇರಬಹುದು’, ‘ಇರಬೇಕು’, ‘ಇದ್ದಂತೆ ತೋರುತ್ತದೆ’ ಎಂಬ ಕ್ರಿಯಾರೂಪಗಳು ದೂರದ ಸಾಧ್ಯತೆಯಿಂದ ಬಲವಾದ ಊಹೆಯವರೆಗೆ ಬೇರೆಬೇರೆ ಮಟ್ಟಗಳನ್ನು ಒಂದೆರಡು ಪದಗಳಲ್ಲಿ ಹೇಳಬಲ್ಲವು. ತೊಂದರೆ ಇರುವುದು ಎರಡು ಅಭ್ಯಾಸಗಳಲ್ಲಿ. ಮೊದಲನೆಯದು, ಪ್ರಬಂಧದ ವಾಕ್ಯಗಳನ್ನೆಲ್ಲ ‘ಎಂದು ಹೇಳಬಹುದು’, ‘ಎನ್ನಬಹುದಾಗಿದೆ’ ಎಂದು ಮುಗಿಸುವುದು. ‘ಪಂಪ ಜೈನಕವಿ ಎಂದು ಹೇಳಬಹುದು’ ಎಂಬಲ್ಲಿ ಸಂಶಯಕ್ಕೆ ಕಾರಣವೇ ಇಲ್ಲ. ಹೀಗೆ ಎಲ್ಲೆಡೆ ಬಂದ ‘ಬಹುದು’ ನಿಜವಾಗಿ ಸಂಶಯವಿರುವ ಕಡೆ ಬಂದಾಗ ಓದುಗರು ಅದನ್ನು ಗಮನಿಸುವುದಿಲ್ಲ. ಎರಡನೆಯದು, ‘ಎನ್ನಲಾಗಿದೆ’, ‘ವಿದ್ವಾಂಸರ ಅಭಿಪ್ರಾಯ’ ಎಂಬ ಕರ್ತೃವಿಲ್ಲದ ಮಾತು. ಇದು ಎಚ್ಚರದಂತೆ ಕಂಡರೂ ಎಚ್ಚರವಲ್ಲ. ಯಾರು, ಯಾವ ಆಧಾರದ ಮೇಲೆ ಹೇಳಿದರು ಎಂಬುದು ಮರೆಯಾಗುವುದರಿಂದ, ಬರೆದವರು ಅದನ್ನು ಒಪ್ಪುತ್ತಾರೋ ಇಲ್ಲವೋ ಎಂಬುದೂ ಮರೆಯಾಗುತ್ತದೆ. ಅದರ ಜೊತೆಗೇ ‘ನಿಸ್ಸಂಶಯವಾಗಿ’, ‘ನಿರ್ವಿವಾದವಾಗಿ’ ಎಂಬ ಪದಗಳು ಆಧಾರ ತೆಳುವಾದ ಕಡೆಯೇ ಬರುವುದೂ ಉಂಟು. ಎರಡನ್ನೂ ಸರಿಪಡಿಸುವ ದಾರಿ ಒಂದೇ: ಪದದ ಜಾಗದಲ್ಲಿ ಆಧಾರವನ್ನು ಇಡುವುದು.

ಒಂದು ಕಂಡಿಕೆಯನ್ನು ತಿದ್ದುವ ಬಗೆ

ಈವರೆಗಿನ ಮಾತನ್ನು ಒಂದು ಕಲ್ಪಿತ ಉದಾಹರಣೆಗೆ ಅನ್ವಯಿಸಬಹುದು. ಒಂದು ತಾಲ್ಲೂಕಿನ 120 ಶೇಂಗಾ ಬೆಳೆಗಾರರಲ್ಲಿ 60 ಮಂದಿ ಮೊಬೈಲ್ ಮೂಲಕ ಹವಾಮಾನ ಸಲಹೆ ಪಡೆಯಲು ತಾವಾಗಿಯೇ ನೋಂದಾಯಿಸಿಕೊಂಡಿದ್ದಾರೆ. ಒಂದು ಮುಂಗಾರಿನಲ್ಲಿ ಅವರ ಇಳುವರಿ ಉಳಿದವರಿಗಿಂತ ಎಕರೆಗೆ ಸರಾಸರಿ ಅರ್ಧ ಕ್ವಿಂಟಾಲ್ ಹೆಚ್ಚು ಬಂದಿದೆ ಎಂದುಕೊಳ್ಳೋಣ.

ಮೊದಲ ಕರಡು: ‘ಮೊಬೈಲ್ ಸಲಹೆಯಿಂದ ಶೇಂಗಾ ಇಳುವರಿ ಹೆಚ್ಚುತ್ತದೆ ಎಂದು ಈ ಅಧ್ಯಯನ ಸಾಬೀತುಪಡಿಸಿದೆ.’ ಇಲ್ಲಿ ಒಂದು ತಾಲ್ಲೂಕು ಎಲ್ಲ ಕಡೆಯೂ ಆಗಿದೆ, ಒಂದು ಮುಂಗಾರು ಎಲ್ಲ ಕಾಲವೂ ಆಗಿದೆ, ನೋಂದಾಯಿಸಿಕೊಂಡವರು ಮೊದಲೇ ಅನುಕೂಲಸ್ಥರಾಗಿದ್ದರೇ ಎಂಬ ಪ್ರಶ್ನೆ ಕಾಣೆಯಾಗಿದೆ.

ಟೀಕೆಗೆ ಹೆದರಿ ಬರೆದ ಎರಡನೆಯ ಕರಡು: ‘ಮೊಬೈಲ್ ಸಲಹೆಯು ಕೆಲವು ಸಂದರ್ಭಗಳಲ್ಲಿ ಇಳುವರಿಯ ಮೇಲೆ ಬಹುಶಃ ಒಂದಿಷ್ಟು ಪ್ರಭಾವ ಬೀರುವ ಸಾಧ್ಯತೆ ಇರಬಹುದು ಎನ್ನಬಹುದು.’ ಇದು ತಪ್ಪಾಗಲು ಸಾಧ್ಯವೇ ಇಲ್ಲ. ಆದರೆ ಅಧ್ಯಯನ ನಡೆಯುವ ಮೊದಲೂ ಇಷ್ಟನ್ನೇ ಹೇಳಬಹುದಿತ್ತು.

ತಿದ್ದಿದ ಕರಡು: ‘ಸಲಹೆ ಪಡೆದ 60 ರೈತರ ಇಳುವರಿ ಪಡೆಯದವರಿಗಿಂತ ಎಕರೆಗೆ ಸರಾಸರಿ ಅರ್ಧ ಕ್ವಿಂಟಾಲ್ ಹೆಚ್ಚಿತ್ತು. ನೋಂದಣಿ ಸ್ವಇಚ್ಛೆಯದಾದ್ದರಿಂದ, ಕೊಳವೆಬಾವಿ ಉಳ್ಳವರೇ ಹೆಚ್ಚಾಗಿ ನೋಂದಾಯಿಸಿಕೊಂಡು ಈ ವ್ಯತ್ಯಾಸ ಬಂದಿರಬಹುದು. ಕೊಳವೆಬಾವಿ ಇಲ್ಲದವರನ್ನಷ್ಟೇ ಹೋಲಿಸಿದಾಗಲೂ ವ್ಯತ್ಯಾಸದ ಹೆಚ್ಚಿನ ಪಾಲು ಉಳಿಯಿತು. ಇದು ಸಲಹೆಗೇ ಪರಿಣಾಮವಿದೆ ಎಂಬುದನ್ನು ಸೂಚಿಸುತ್ತದೆ. ಮಳೆ ಕೈಕೊಟ್ಟ ವರ್ಷದಲ್ಲಿಯೂ ಹೀಗೆಯೇ ಆದೀತೇ ಎಂಬುದು ಒಂದು ಮುಂಗಾರಿನ ಮಾಹಿತಿಯಿಂದ ತಿಳಿಯದು.’

ಈ ಕರಡಿನಲ್ಲಿ ಕಂಡದ್ದನ್ನು ಹೇಳುವ ವಾಕ್ಯಗಳಿಗೆ ಎಚ್ಚರವಿಲ್ಲ. ‘ಬಂದಿರಬಹುದು’ ಎಂಬುದು ಹೆಸರುಳ್ಳ ಒಂದು ಅನುಮಾನಕ್ಕೆ ಅಂಟಿಕೊಂಡಿದೆ, ಆ ಅನುಮಾನವನ್ನು ಮುಂದಿನ ವಾಕ್ಯ ಪರೀಕ್ಷಿಸುತ್ತದೆ. ‘ಸೂಚಿಸುತ್ತದೆ’ ಎಂಬುದು ಆ ಪರೀಕ್ಷೆಯ ನಂತರ ಉಳಿದ ಭರವಸೆಗೆ ತಕ್ಕದ್ದು. ಕೊಳವೆಬಾವಿಯ ಹೊರತಾದ ಬೇರೆ ಅನುಕೂಲಗಳು ಇನ್ನೂ ಪರೀಕ್ಷೆಗೆ ಒಳಪಡದಿರುವುದರಿಂದ ‘ತೋರಿಸುತ್ತದೆ’ ಎನ್ನುವಷ್ಟು ಆಧಾರವಿಲ್ಲ. ರೈತರನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿ, ಎರಡು-ಮೂರು ಮುಂಗಾರುಗಳಲ್ಲಿ ಅದೇ ಫಲಿತಾಂಶ ಬಂದರೆ ಆ ಕ್ರಿಯಾಪದವನ್ನು ಬದಲಿಸಬೇಕಾಗುತ್ತದೆ. ಆಗಲೂ ‘ಸೂಚಿಸುತ್ತದೆ’ ಎಂದೇ ಬರೆದರೆ ಅದು ವಿನಯವಲ್ಲ, ತಪ್ಪು ಮಾಹಿತಿ. ಎಷ್ಟು ಎಚ್ಚರ ಬೇಕು ಎಂಬ ಪ್ರಶ್ನೆಗೆ ಹೀಗೆ ಎಲ್ಲ ಪ್ರಬಂಧಗಳಿಗೂ ಹೊಂದುವ ಒಂದೇ ಪ್ರಮಾಣ ಇಲ್ಲ. ಪ್ರತಿ ಎಚ್ಚರದ ಪದದ ಎದುರಿಗೆ ಅದು ಯಾವ ಅನುಮಾನದಿಂದ ಬಂತು ಎಂದು ತೋರಿಸಲು ಬರುವಂತಿರಬೇಕು, ಪ್ರತಿ ನಿಜವಾದ ಅನುಮಾನಕ್ಕೂ ಬರಹದಲ್ಲಿ ಅದರದೇ ಆದ ಒಂದು ಜಾಗ ಇರಬೇಕು.